ಸ್ಲೈಡಿನ ಟೇಬಲ್ ಶೀಟಿಗೆ ಬಂದ ಕತೆ

ಸಂಖ್ಯಾಶಾಸ್ತ್ರದ ಒಂದು ಪಾಠದ ವಿಡಿಯೊದಲ್ಲಿ ನನಗೆ ಬೇಕಾದ ಟೇಬಲ್ ಒಂದಿತ್ತು. ಐದು ಗುಂಪು, ಪ್ರತಿ ಗುಂಪಿನಲ್ಲಿ ಎಷ್ಟು ಜನ, ಸರಾಸರಿ ಎಷ್ಟು, ಮೊದಲಿಗಿಂತ ಎಷ್ಟು ಬದಲಾಗಿದೆ ಅನ್ನೋದು. ಕೆಳಗೆ ಒಟ್ಟು 200 ಜನ ಅಂತ ಒಂದು ಸಾಲು.

ಮೊದಲು ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದೆ. ಪ್ಲೇಯರಿನ ಪಟ್ಟಿ ಬಂದು ಕೊನೆಯ ಸಾಲನ್ನೇ ಮುಚ್ಚಿಕೊಂಡಿತು. ಆಮೇಲೆ ಫೈಲಿನಿಂದಲೇ ಫ್ರೇಮ್ ತೆಗೆದೆ:

```
ffmpeg -ss 00:23:41 -i class.mp4 -frames:v 1 a.png
```

ಸ್ಲೈಡ್ ಬದಲಾದ ಕ್ಷಣದ ಫ್ರೇಮ್ ಬೇಡ. ಆಗ ಅಕ್ಷರಗಳ ಸುತ್ತ ಚೌಕ ಚೌಕವಾಗಿ ಮಸುಕಿರುತ್ತದೆ, ಎರಡು ಮೂರು ಸೆಕೆಂಡಿನಲ್ಲಿ ತಿಳಿಯಾಗುತ್ತದೆ. ಮುಂದಿನ ಸ್ಲೈಡಿಗೆ ಹೋಗುವ ತುಸು ಮೊದಲಿನದು ನನಗೆ ಇಷ್ಟ. ಒಂದೊಂದಾಗಿ ಬರುವ ಸಾಲುಗಳೆಲ್ಲ ಅಷ್ಟರಲ್ಲಿ ಬಂದಿರುತ್ತವೆ.

ಟೇಬಲ್ ಇರುವ ಭಾಗವನ್ನಷ್ಟೇ ಕತ್ತರಿಸಿ, ಮೂರು ಪಟ್ಟು ದೊಡ್ಡದು ಮಾಡಿ, b.png ಅಂತ ಉಳಿಸಿ, ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ tesseractನಿಂದ ಓದಿಸಿದೆ:

```
tesseract b.png out --psm 6 -c preserve_interword_spaces=1
```

ಕೊನೆಯ ಆಯ್ಕೆ ಬಿಟ್ಟರೆ ಕಾಲಂಗಳ ನಡುವಿನ ಜಾಗವೆಲ್ಲ ಒಂದೇ ಸ್ಪೇಸ್ ಆಗಿಬಿಡುತ್ತದೆ. ಅದು ಉಳಿದರೆ, ಎಡಿಟರಿನಲ್ಲಿ ಎರಡಕ್ಕಿಂತ ಕಡಿಮೆಯಿಲ್ಲದ ಸ್ಪೇಸ್‌ಗಳನ್ನು ಟ್ಯಾಬ್‌ಗೆ ಬದಲಿಸಿ ಶೀಟಿಗೆ ಪೇಸ್ಟ್ ಮಾಡಬಹುದು. ಒಂದು ಸಾಲಿನಲ್ಲಿ ಸರಾಸರಿಯ ಜಾಗ ಖಾಲಿ ಇತ್ತು. ಅಲ್ಲಿ ಪಕ್ಕದ ಸಂಖ್ಯೆ ಎಡಕ್ಕೆ ಸರಿದು ಕೂತಿತ್ತು. ಅದನ್ನು ಕೈಯಲ್ಲೇ ಸರಿಮಾಡಿದೆ.

ನೋಡೋಕೆ ಎಲ್ಲ ಸರಿ ಇತ್ತು. ಆದರೂ ಜನರ ಕಾಲಂ ಕೂಡಿಸಿ ನೋಡಿದೆ. 250 ಬಂತು! ಸ್ಲೈಡಿನಲ್ಲಿ 200 ಇದೆಯಲ್ವಾ? ವ್ಯತ್ಯಾಸ ಸರಿಯಾಗಿ 50. ಮಸುಕಾದ 3 ಎಂಟರ ಹಾಗೆ ಕಾಣುವುದು ಜಾಸ್ತಿ. ಎರಡಕ್ಕೂ ಅಂತರ 5, ಹತ್ತರ ಸ್ಥಾನದಲ್ಲಾದರೆ 50. ಹುಡುಕಿದರೆ 48, 86, 52, 41, 23 ಅಂತಿತ್ತು. ಚಿತ್ರದಲ್ಲಿ ಎರಡನೆಯದು 36.

ಇನ್ನೊಂದು ತಪ್ಪು ಇದಕ್ಕಿಂತ ಕಳ್ಳತನದ್ದು. ಬದಲಾವಣೆಯ ಕಾಲಂನಲ್ಲಿ −3.2 ಇದ್ದ ಕಡೆ ಮೈನಸ್ ಬದಲು ಉದ್ದ ಗೆರೆ ಬಂದಿತ್ತು. ಶೀಟಿಗೆ ಅದು ಸಂಖ್ಯೆಯೇ ಅಲ್ಲ, ಬರೀ ಪಠ್ಯ. `SUM` ಹಾಕಿದರೆ ಎರರ್ ಕೊಡೋದಿಲ್ಲ, ಸುಮ್ನೆ ಅದನ್ನು ಬಿಟ್ಟು ಕೂಡಿಸುತ್ತದೆ. ಗುರುತು ಒಂದೇ: ಬೇರೆ ಸಂಖ್ಯೆಗಳು ಸೆಲ್ಲಿನ ಬಲಕ್ಕಿದ್ದರೆ ಇದು ಎಡಕ್ಕೆ ಅಂಟಿಕೊಂಡಿರುತ್ತದೆ. ಅದಕ್ಕೇ ಪೇಸ್ಟ್ ಮಾಡಿದ ಮೇಲೆ ಸೆಲ್‌ಗಳ ಜೋಡಣೆಯನ್ನು ನಾನು ಬದಲಿಸುವುದಿಲ್ಲ. ಉದ್ದ ಗೆರೆಯನ್ನು ಹುಡುಕಿ ಮಾಮೂಲಿ ಮೈನಸ್‌ಗೆ ಬದಲಿಸಿದ ಕೂಡಲೇ ಬಲಕ್ಕೆ ಹಾರಿತು.

ಸರಾಸರಿಗಳಿಗೆ ಕೂಡಿಸುವ ಉಪಾಯ ನಡೆಯೋದಿಲ್ಲ. 12.4ರ ಚುಕ್ಕೆ ಬಿದ್ದು 124 ಆಗಿದ್ದರೆ ಕಾಲಂನಲ್ಲಿ ಎದ್ದು ಕಾಣುತ್ತದೆ, ಆದರೆ 13.4 ಇದ್ದದ್ದು 18.4 ಆದರೆ ಕಾಣೋದಿಲ್ಲ. ಆ ಕಾಲಂ ಮಾತ್ರ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸೆಲ್ ಗಟ್ಟಿಯಾಗಿ ಓದಿ ನೋಡಿದೆ.