ಮಾತು ಬಂದಾಗ ಮ್ಯೂಸಿಕ್ ತಾನೇ ತಗ್ಗಬೇಕಾದರೆ: ನನ್ನ ಅನುಭವ

ಅತ್ತಿಗೆ ತೊಡೆದೇವು ಅನ್ನುವ ಸಿಹಿತಿಂಡಿ ಮಾಡುವ ವಿಡಿಯೊಗೆ ನಾನು ಧ್ವನಿ ಕೊಡಬೇಕಿತ್ತು, ಹಿನ್ನೆಲೆಗೆ ಕೊಳಲು. ನಮ್ಮದು ಶಿರಸಿ ಹತ್ತಿರದ ಹಂಚಿನ ಮನೆ, ಹೊರಗೆ ಧೋ ಅಂತ ಮಳೆ.

ನಾನು ಬಳಸುವುದು ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಅದರಲ್ಲಿ Auto Duck ಅಂತ ಒಂದು ಎಫೆಕ್ಟ್ ಇದೆ. ಮಾತು ಇರುವಲ್ಲಿ ಸಂಗೀತ ತಗ್ಗಿಸುತ್ತದೆ, ಮಾತು ನಿಂತ ಮೇಲೆ ಏರಿಸುತ್ತದೆ. ಆದರೆ ಮಾತು ಯಾವುದು, ಮಳೆ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಶಬ್ದ ಒಂದು ಮಟ್ಟ ದಾಟಿತೇ ಅಂತಷ್ಟೇ ನೋಡುತ್ತದೆ. ಆ ಮಟ್ಟವೇ Threshold, ಮೊದಲೇ -30 dB ಇರುತ್ತದೆ. ಮಾಡಿನ ಮೇಲಿನ ಮಳೆಯೇ ಅದನ್ನು ದಾಟಿದರೆ ಕೊಳಲು ಕೊನೆತನಕ ತಗ್ಗಿಯೇ ಇರುತ್ತದೆ. ಹಾಗಾಗಿ ಅರ್ಧ ಕೆಲಸ ಮೈಕಿನ ಎದುರೇ ಆಗಬೇಕು.

ನಾನು ಕೂತಿದ್ದು ಉಪ್ಪರಿಗೆಯ ಕೆಳಗಿನ ಒಳಕೋಣೆಯಲ್ಲಿ, ಬಟ್ಟೆ ಕಪಾಟಿನ ಬಾಗಿಲು ಪೂರ್ತಿ ತೆರೆದು ಅದರ ಎದುರಿಗೆ. ಬಟ್ಟೆ ಇದ್ದಲ್ಲಿ ಗೋಡೆಯಿಂದ ದನಿ ಮರಳಿ ಬರುವುದು ಕಡಿಮೆ. ಫ್ಯಾನ್ ಬಂದ್. ಮೈಕ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ, ಇಲ್ಲವಾದರೆ ‘ಪ’, ‘ಬ’ ಅನ್ನುವಾಗ ಉಸಿರು ಬಡಿಯುತ್ತದೆ. ಹತ್ತಿರದಿಂದ ಮಾತಾಡಿದರೆ ಮೈಕಿನ ಲೆವೆಲ್ ಇಳಿಸಬಹುದು, ಆಗ ಮಳೆಯೂ ಜೊತೆಗೇ ಇಳಿಯುತ್ತದೆ, ಮಾತು ಮಾತ್ರ ಮುಂದೆ ನಿಲ್ಲುತ್ತದೆ. ಜೋರಾದ ಅಕ್ಷರಕ್ಕೂ ಮೀಟರ್ -6 dB ದಾಟಬಾರದು.

ಶುರುವಿಗೆ ಐದು ಸೆಕೆಂಡು ಸುಮ್ನೆ ಕೂತಿದ್ದೆ. ಆ ಮೌನದ ತುಂಡನ್ನು ಆರಿಸಿ Noise Reduction ತೆರೆದು Get Noise Profile ಒತ್ತಿ, ಆಮೇಲೆ ಇಡೀ ಧ್ವನಿಗೆ ಅದೇ ಎಫೆಕ್ಟ್ ಹಾಕಿದೆ. 12 dB ಸಾಕು, ಜಾಸ್ತಿ ಮಾಡಿದರೆ ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಒಂದೇ ಸಮ ಸುರಿಯುವ ಮಳೆ ಇದರಿಂದ ತಗ್ಗುತ್ತದೆ. ಸೂರಿನ ನೀರು ಬಕೆಟ್ಟಿಗೆ ಟಪ್ ಟಪ್ ಬೀಳುವುದು ಮಾತ್ರ ಹೋಗುವುದಿಲ್ಲ, ಬಕೆಟ್ಟನ್ನೇ ಮೊದಲು ಎತ್ತಿಡಬೇಕು.

ಇನ್ನು ಕೊಳಲು. ಸಂಗೀತದ ಟ್ರ್ಯಾಕ್ ಮೇಲೆ, ಧ್ವನಿಯದ್ದು ಅದರ ಕೆಳಗೆ, ಇದೇ ಕ್ರಮ ಇರಬೇಕು. ಮೇಲಿನದನ್ನು ಮಾತ್ರ ಆರಿಸಿ Auto Duck ತೆರೆದೆ. ಎಷ್ಟು ತಗ್ಗಬೇಕು ಅನ್ನುವುದು ಮೊದಲೇ -12 dB ಇರುತ್ತದೆ. ಕೊಳಲಿನ ಸ್ವರ ಮಾತಿನ ದನಿಯ ಜೊತೆ ಡಿಕ್ಕಿ ಹೊಡೆಯುತ್ತದೆ ಅಲ್ವಾ, ಅದಕ್ಕೆ ನಾನು -16 ಇಟ್ಟೆ.

ನಿಜವಾಗಿ ಗಮನ ಕೊಡಬೇಕಾದ್ದು Maximum pause, ಅಂದರೆ ಮಾತು ಎಷ್ಟು ಹೊತ್ತಿಗಿಂತ ಹೆಚ್ಚು ನಿಂತರೆ ಸಂಗೀತ ಏರಬೇಕು ಅನ್ನುವುದು. ಅದು 1 ಸೆಕೆಂಡಿಗೆ ಇರುತ್ತದೆ. ‘ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು’ ಅಂದು ಒಂದೂವರೆ ಸೆಕೆಂಡು ಉಸಿರು ತಗೊಂಡರೆ ಅಷ್ಟರಲ್ಲೇ ಕೊಳಲು ಏರಿ ಮತ್ತೆ ಬೀಳುತ್ತದೆ, ಕೇಳುವವರಿಗೆ ಕಿರಿಕಿರಿ. 2 ಸೆಕೆಂಡು ಮಾಡಿದ ಮೇಲೆ ವಾಕ್ಯಗಳ ನಡುವೆ ಅದು ಕದಲಲಿಲ್ಲ. ಬಿಸಿ ಗಡಿಗೆಯ ಮೈಯಿಂದ ತೆಳ್ಳನೆ ಹಾಳೆ ಏಳುವಾಗ ನಾನು ಮಾತು ನಿಲ್ಲಿಸಿದ್ದೆ, ಅಲ್ಲಿ ಮಾತ್ರ ಏರಿತು. ನನಗೆ ಬೇಕಿದ್ದದ್ದೂ ಅದೇ.

ಒಂದು ಎಚ್ಚರ: ಈ ಎಫೆಕ್ಟ್ ಸಂಗೀತದ ಟ್ರ್ಯಾಕಿನಲ್ಲೇ ಅಚ್ಚಾಗಿಬಿಡುತ್ತದೆ. ಆಮೇಲೆ ಮಾತಿನ ತುಂಡು ಅತ್ತಿತ್ತ ಸರಿಸಿದರೆ ತಗ್ಗು ಹಳೆಯ ಜಾಗದಲ್ಲೇ ಉಳಿಯುತ್ತದೆ. ಮಾತಿನ ಕತ್ತರಿ ಕೆಲಸ ಎಲ್ಲ ಮುಗಿಸಿ, ಸಂಗೀತದ ಒಂದು ನಕಲು ಮ್ಯೂಟ್ ಮಾಡಿಟ್ಟು ಆಮೇಲೆ ಹಾಕಿ.