ಮಾವನ ತೋಟಕ್ಕೆ 0.52

ಹೋದ ವರ್ಷ ಮಳೆ ಕಡಿಮೆಯಾದ ಮೇಲೆ ನಮ್ಮ ಕಡೆಯ ಅಡಿಕೆ ಬೆಳೆಗಾರರು ಕೆಲವರು ಸೇರಿ ಒಂದು ಲೆಕ್ಕ ತೆಗೆದರು. ಮಹಾಳಿ, ಅಂದರೆ ಕೊಳೆರೋಗ, ಯಾವ ತೋಟದಲ್ಲಿ ಎಷ್ಟು ಗೊನೆ ತಿಂದಿದೆ ಅಂತ. ಒಂದೊಂದು ತೋಟದಲ್ಲಿ 50 ಮರ ನೋಡುವುದು, ಒಟ್ಟು ಗೊನೆ ಎಣಿಸುವುದು, ರೋಗ ಬಂದ ಗೊನೆ ಎಣಿಸುವುದು, ಪರ್ಸೆಂಟ್ ಬರೆಯುವುದು. ಬದಿಯಡ್ಕ, ಎಣ್ಮಕಜೆ ಕಡೆ ಒಬ್ಬರು ಅಕ್ಕ ತಿರುಗಿದರು, 150 ತೋಟ. ಕುಂಬಡಾಜೆ, ಬೆಳ್ಳೂರು ಕಡೆ ನನ್ನ ಭಾವ, 90 ತೋಟ. ಎರಡನ್ನೂ ಒಂದೇ ಶೀಟಿಗೆ ಸೇರಿಸಿ ಸರಾಸರಿ ತೆಗೆಯುವ ಕೆಲಸ ಪೆರ್ಲದಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ನನ್ನದು.

ಸರಾಸರಿ 7.8 ಬಂತು. ನೋಡಿದರೆ ಏನೂ ತಪ್ಪು ಅನ್ನಿಸುವ ಸಂಖ್ಯೆಯಲ್ಲ. 780 ಬಂದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಾನು ಪ್ರಿಂಟ್ ತೆಗೆದೇ ಬಿಟ್ಟೆ.

ತಪ್ಪು ಹಿಡಿದದ್ದು ಕುಂಬಡಾಜೆಯ ಸೋದರಮಾವ. ಹೆಚ್ಚು ಹಾಳಾದ ತೋಟ ಮೇಲೆ ಬರುವ ಹಾಗೆ ಪಟ್ಟಿ ಮಾಡಿದ್ದೆ. ಅವರು ತಮ್ಮ ತೋಟ ಹುಡುಕುತ್ತಾ ಕೊನೆಯ ಪುಟಕ್ಕೆ ಹೋದರು. "ಎಂತದ್ದು ಮಾರಾಯ ಇದು? ನನ್ನ ಗೊನೆ ಅರ್ಧಕ್ಕರ್ಧ ಉದುರಿ ಹೋಗಿದೆ. ನಿನ್ನ ಪಟ್ಟಿಯಲ್ಲಿ ನನಗೆ ಏನೂ ಆಗಲೇ ಇಲ್ಲವಾ?"

ಅವರ ಸಾಲಿನಲ್ಲಿ 0.52 ಅಂತ ಇತ್ತು. 175 ಗೊನೆಯಲ್ಲಿ 91ಕ್ಕೆ ರೋಗ. ಅಂದರೆ 52 ಪರ್ಸೆಂಟ್. ಅದರ ಮೇಲೆ, ಅಕ್ಕ ನೋಡಿದ ಒಂದು ತೋಟ 12 ಪರ್ಸೆಂಟ್ ಅಂತ ರಾಜನ ಹಾಗೆ ಕೂತಿತ್ತು. ಪಂಚಾಯತ್ ಪ್ರಕಾರ ಬೇರೆ ಬೇರೆ ಸರಾಸರಿ ತೆಗೆದಾಗ ಇನ್ನೂ ಸ್ಪಷ್ಟವಾಯಿತು. ಅಕ್ಕನ 150 ತೋಟದ ಸರಾಸರಿ 12.4. ಭಾವನ 90 ತೋಟದ್ದು 0.18. ಚಾರ್ಟ್ ಹಾಕಿದರೆ ಭಾವನ ಕಡೆಗೆ ಕಂಬವೇ ಇಲ್ಲ, ನೆಲಕ್ಕೆ ಅಂಟಿದ ಗೆರೆ. ಪ್ರಿಂಟ್ ತೆಗೆಯುವ ಮೊದಲು ಇದೊಂದು ಚಾರ್ಟ್ ಹಾಕಿದ್ದರೆ ಸಾಕಿತ್ತು.

ಯಾಕೆ ಹೀಗಾಯಿತು ಅಂತ ಭಾವನ ಮೊಬೈಲ್ ತೆಗೆದು ನೋಡಿದೆ. ಅವನು ಬರೆದದ್ದು ಸರಿಯಾಗಿಯೇ ಇತ್ತು, 52% ಅಂತ. ಸ್ಪ್ರೆಡ್‌ಶೀಟ್‌ನಲ್ಲಿ 52% ಅಂತ ಹೊಡೆದರೆ ಒಳಗೆ ಉಳಿಯುವುದು 0.52. ಪರ್ಸೆಂಟ್ ಗುರುತು ಬರೀ ಮೇಲಿನ ಅಂಗಿ. ನಾನು ಅವನ ಕಾಲಮ್ ಕಾಪಿ ಮಾಡಿ, ಬಣ್ಣಗಿಣ್ಣ ಬರಬಾರದು ಅಂತ ಬರೀ ವ್ಯಾಲ್ಯೂ ಪೇಸ್ಟ್ ಮಾಡಿದ್ದೆ. ಅಂಗಿ ಅಲ್ಲೇ ಕಳಚಿಬಿತ್ತು. ಅಕ್ಕ ಮಾತ್ರ ಲ್ಯಾಪ್‌ಟಾಪ್‌ನಲ್ಲಿ ಗುರುತಿಲ್ಲದೆ ಸುಮ್ನೆ 12 ಅಂತ ಹೊಡೆದಿದ್ದರು. ಒಳಗೂ 12, ಹೊರಗೂ 12. ಇಬ್ಬರದ್ದೂ ತಪ್ಪಲ್ಲ. ಸೇರಿಸಿದವನದ್ದು ತಪ್ಪು.

ಇದನ್ನು ಪತ್ತೆ ಮಾಡಲು ಒಂದು ಸುಲಭದ ದಾರಿಯಿದೆ. ಇಡೀ ಕಾಲಮ್ ಆರಿಸಿ ಒಂದು ಸಲ ಪರ್ಸೆಂಟ್ ಫಾರ್ಮ್ಯಾಟ್ ಮಾಡಿ. ಭಾವನ ಸಾಲು 52% ಅಂತ ನೆಟ್ಟಗೆ ಕಾಣುತ್ತದೆ, ಅಕ್ಕನದ್ದು 1200% ಅಂತ ಕಣ್ಣಿಗೆ ಹೊಡೆಯುತ್ತದೆ. ಫಾರ್ಮ್ಯಾಟ್ ಬದಲಿಸಿದರೆ ಒಳಗಿನ ಸಂಖ್ಯೆ ಬದಲಾಗುವುದಿಲ್ಲ. ನೋಡಿ ಆದ ಮೇಲೆ ವಾಪಸ್ ತಂದರಾಯಿತು.

ಸರಿಪಡಿಸುವುದು ಎರಡು ನಿಮಿಷದ ಕೆಲಸ ಅಂದುಕೊಂಡೆ. D ಕಾಲಮ್‌ನಲ್ಲಿ ಪರ್ಸೆಂಟ್ ಇದೆ, 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನೂರರಿಂದ ಗುಣಿಸು:

```
=IF(D2<=1, D2*100, D2)
```

ಈಗ ಸರಾಸರಿ 16.7. ಮಾವನ ತೋಟ ಮೇಲೆ ಬಂತು, ನನಗೂ ಖುಷಿಯಾಯಿತು. ಆದರೆ ಅವರ ಪಕ್ಕದಲ್ಲೇ ಎಣ್ಮಕಜೆಯ ಒಂದು ತೋಟ 50 ಅಂತ ಬಂದು ಕೂತಿತ್ತು. ಆ ಮನೆಯವರು ಮಳೆಗೆ ಮೊದಲೇ ಮದ್ದು ಬಿಟ್ಟು, ಆಮೇಲೆ ಇನ್ನೊಂದು ಸಲವೂ ಬಿಟ್ಟವರು. 204 ಗೊನೆಯಲ್ಲಿ ಒಂದೇ ಒಂದಕ್ಕೆ ರೋಗ. ಅಕ್ಕ 0.5 ಅಂತ ಬರೆದಿದ್ದರು. ಅಂದರೆ ನಿಜವಾಗಿಯೂ ಅರ್ಧ ಪರ್ಸೆಂಟ್. ನನ್ನ ಫಾರ್ಮುಲಾ ಅದನ್ನು ಅರ್ಧ ತೋಟ ಮಾಡಿತು! ಇಂಥ ಸಾಲು ಅಕ್ಕನ ಪಟ್ಟಿಯಲ್ಲಿ 9 ಇದ್ದವು. ಬರೀ 9 ಸಾಲು ಸೇರಿ 240 ತೋಟದ ಸರಾಸರಿಯನ್ನು ಎರಡಕ್ಕಿಂತ ಜಾಸ್ತಿ ಪಾಯಿಂಟ್ ಮೇಲೆತ್ತಿದವು.

ಇದೇ ಫಾರ್ಮುಲಾವನ್ನು ಪಕ್ಕದ ಮದ್ದಿನ ಕಾಲಮ್‌ಗೆ ಎಳೆದಿದ್ದರೆ ಇನ್ನೂ ತಮಾಷೆ. ಬೋರ್ಡೋ ದ್ರಾವಣ ನಾವು ಬಿಡುವುದು 1 ಪರ್ಸೆಂಟ್: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಶೀಟಿನಲ್ಲಿ 1 ಅಂತ ಬರೆದದ್ದು 100 ಆಗುತ್ತಿತ್ತು. ನೀರೇ ಇಲ್ಲದ ಮದ್ದು.

ಅಂದರೆ ಸಂಖ್ಯೆಯ ಮುಖ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. 12 ಬಂದರೆ ಸಂಶಯವಿಲ್ಲ, ಏಕೆಂದರೆ ಗೊನೆ ನೂರಕ್ಕಿಂತ ಜಾಸ್ತಿ ಪರ್ಸೆಂಟ್ ಹಾಳಾಗಲು ಸಾಧ್ಯವಿಲ್ಲ. ಆದರೆ 0.5, 0.8, 1 — ಇವು ಎರಡೂ ಕಡೆಯವು. 1 ಅಂದರೆ ತೋಟವೇ ಹೋಯಿತು ಅಂತಲೂ ಆಗಬಹುದು, ನೂರರಲ್ಲಿ ಒಂದು ಅಂತಲೂ ಆಗಬಹುದು. ಬೇರೆ ಸಾಕ್ಷಿ ಬೇಕು.

ಸಾಕ್ಷಿ ಶೀಟಿನಲ್ಲೇ ಇತ್ತು. B ಕಾಲಮ್ ಒಟ್ಟು ಗೊನೆ, C ಕಾಲಮ್ ರೋಗ ಬಂದ ಗೊನೆ. C ಅನ್ನು B ಯಿಂದ ಭಾಗಿಸಿದರೆ ನಿಜವಾದ ಪಾಲು ಸಿಗುತ್ತದೆ. ಬರೆದ ಪರ್ಸೆಂಟನ್ನು ಆ ಪಾಲಿನಿಂದ ಭಾಗಿಸಿದರೆ ಉತ್ತರ ಒಂದರ ಹತ್ತಿರ ಬರಬೇಕು, ಇಲ್ಲವೇ ನೂರರ ಹತ್ತಿರ. ಮಾವನ ಸಾಲಿಗೆ ಸರಿಯಾಗಿ 1. ಎಣ್ಮಕಜೆಯ 0.5ಕ್ಕೆ 102. ನೂರೇ ಬರಲಿಲ್ಲ, ಯಾಕೆಂದರೆ ಅಕ್ಕ 0.49 ಅನ್ನು 0.5 ಮಾಡಿದ್ದರು. ಅದಕ್ಕೆ ನಾನು 1 ಮತ್ತು 100ರ ನಡುವೆ 10ರಲ್ಲಿ ಗಡಿ ಹಾಕಿದೆ:

```
=IF(C2="", "ಕೇಳು", IF(C2=0, 0, IF(D2/(C2/B2)>10, D2, D2*100)))
```

ಮೊದಲ ತುಂಡು ಆಮೇಲೆ ಸೇರಿಸಿದ್ದು. ಅದಿಲ್ಲದೆ ಮಾಡಿದಾಗ, ಎಣಿಕೆ ಬರೆಯದೆ ಬಿಟ್ಟ ಸಾಲನ್ನೂ ಶೀಟು ಸೊನ್ನೆ ಅಂತ ತಿಳಿದು, ಆ ತೋಟಕ್ಕೆ ರೋಗವೇ ಇಲ್ಲ ಅಂತ ತೀರ್ಪು ಕೊಟ್ಟಿತ್ತು. ಹಾಗೆ ಖಾಲಿ ಬಿಟ್ಟವು ಎಲ್ಲ ಅಕ್ಕನ ಕಡೆಯವೇ. ಹೆಚ್ಚಿನವುಗಳಲ್ಲಿ ಪರ್ಸೆಂಟ್ ಒಂದಕ್ಕಿಂತ ಜಾಸ್ತಿ ಇದ್ದ ಕಾರಣ ಹಾಗೆಯೇ ಇಟ್ಟುಕೊಂಡೆ. ಎರಡು ಮಾತ್ರ ಸಿಕ್ಕಿಬಿದ್ದವು, 0.8 ಮತ್ತು 0.4. ಅಕ್ಕನ ಅಭ್ಯಾಸ ಗೊತ್ತಿದ್ದರೂ ಊಹೆ ಬೇಡ ಅಂತ ಆ ಮನೆಗಳಿಗೆ ಫೋನ್ ಮಾಡಿದೆ. ಒಬ್ಬರು "ಒಂದೆರಡು ಗೊನೆ ಅಷ್ಟೇ" ಅಂದರು. ಇನ್ನೊಬ್ಬರು "ಈ ಸಲ ದೇವರು ಕಾಪಾಡಿದ" ಅಂದರು. ನಲ್ವತ್ತು ಪರ್ಸೆಂಟ್ ಗೊನೆ ಹೋದವರು ಹಾಗೆ ಹೇಳುವುದಿಲ್ಲ ಅಲ್ವಾ.

ಕೊನೆಗೆ ನಿಂತದ್ದು 14.5. ಮೊದಲು ಪ್ರಿಂಟ್ ತೆಗೆದ 7.8ರ ಹೆಚ್ಚುಕಡಿಮೆ ಎರಡು ಪಾಲು. ಹಳೆಯ ಕಾಲಮ್ ಅಳಿಸಲಿಲ್ಲ, ಸರಿ ಮಾಡಿದ್ದನ್ನು ಪಕ್ಕದಲ್ಲಿ ಬೇರೆಯೇ ಇಟ್ಟೆ. ಅದೇ ಜಾಗದಲ್ಲಿ ಗುಣಿಸಿಬಿಟ್ಟರೆ, ನಾಳೆ ಇನ್ಯಾರೋ ಬಂದು ಮತ್ತೊಂದು ಸಲ ನೂರರಿಂದ ಗುಣಿಸುತ್ತಾರೆ. ಆ ಇನ್ಯಾರೋ ನಾನೇ ಆಗಿರುವ ಸಾಧ್ಯತೆ ಜಾಸ್ತಿ.

ಈ ವರ್ಷದ ಶೀಟಿನಲ್ಲಿ ಪರ್ಸೆಂಟ್ ಬರೆಯುವ ಜಾಗವನ್ನೇ ತೆಗೆದಿದ್ದೇನೆ. ಒಂದಕ್ಕಿಂತ ಕಡಿಮೆ ಬರೆದರೆ ಕೆಂಪು ಬಣ್ಣ ತೋರಿಸು ಅಂತ ಹಾಕಬಹುದಿತ್ತು, ಆದರೆ ಒಳ್ಳೆಯ ತೋಟಗಳೇ ಕೆಂಪಾಗುತ್ತವೆ. ಒಟ್ಟು ಗೊನೆ, ರೋಗದ ಗೊನೆ, ಎರಡೇ ಕಾಲಮ್. ಭಾಗಾಕಾರ ಶೀಟು ಮಾಡುತ್ತದೆ. ಅಕ್ಕ ಮೊದಲ ದಿನವೇ ತೋಟದಿಂದ ಫೋನ್ ಮಾಡಿದರು.

"ಪರ್ಸೆಂಟ್ ಎಲ್ಲಿ ಬರೆಯುವುದು ತಮ್ಮಾ?"

"ಬರೆಯುವುದು ಬೇಡ ಅಕ್ಕಾ. ಎಣಿಸಿದ್ದು ಮಾತ್ರ ಹಾಕಿ."

"ಮತ್ತೆ ನಾನು ಇಷ್ಟು ವರ್ಷ ಕ್ಯಾಲ್ಕ್ಯುಲೇಟರ್ ಹೊತ್ತುಕೊಂಡು ತಿರುಗಿದ್ದು?"