ಪಡುವಣ ಬಿಸಿಲಿಗೆ ತಿಳಿ ಗಾಜು: ಕುಂಬಳೆಯ ಒಂದು ಕಟ್ಟಡದಲ್ಲಿ ನನ್ನ ಅನುಭವ

ನಮ್ಮ ಊರಿನ ಹೆದ್ದಾರಿ ಉತ್ತರ-ದಕ್ಷಿಣವಾಗಿ ಹೋಗುತ್ತದೆ. ಹಾಗಾಗಿ ರಸ್ತೆಯ ಮೂಡು ಬದಿಯಲ್ಲಿ ಯಾರು ಕಟ್ಟಿದರೂ ಅಂಗಡಿಯ ಮುಖ ಪಡುವಣಕ್ಕೇ. ಮುಖ ಎಂದ ಮೇಲೆ ಗಾಜು ಬೇಕೇ ಬೇಕು. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಸಮುದ್ರದ ಮೇಲಿನ ಬಿಸಿಲು ನೇರವಾಗಿ ಅದಕ್ಕೇ ಹೊಡೆಯುತ್ತದೆ.

ಮೊದಲು ನಾನು ಸೋತದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಜವಳಿ ಅಂಗಡಿಗೆ ಕಡು ನೀಲಿಯ ರಿಫ್ಲೆಕ್ಟಿವ್ ಗಾಜು ಹಾಕಿಸಿದ್ದೆ. ಕಪ್ಪಾದಷ್ಟೂ ತಂಪು ಅಂತ ಆಗ ನಾನೂ ನಂಬಿದ್ದೆ. ವಿಎಲ್‌ಟಿ, ಅಂದರೆ ಗಾಜು ಒಳಗೆ ಬಿಡುವ ಬೆಳಕಿನ ಪಾಲು, ನೂರಕ್ಕೆ ಇಪ್ಪತ್ತರ ಒಳಗೇ ಇತ್ತು. ಹಗಲಿಡೀ ಟ್ಯೂಬ್‌ಲೈಟು ಉರಿಯುತ್ತಿತ್ತು. ಹೆಂಗಸರು ಸೀರೆಯ ಬಣ್ಣ ನೋಡಲು ಬಾಗಿಲಿನವರೆಗೆ ಹಿಡಿದುಕೊಂಡು ಬರುತ್ತಿದ್ದರು. ನಾಲ್ಕು ಗಂಟೆಗೆ ಒಳಗಿನಿಂದ ಗಾಜಿಗೆ ಅಂಗೈ ಇಟ್ಟರೆ ಎರಡು ಸೆಕೆಂಡು ನಿಲ್ಲುತ್ತಿರಲಿಲ್ಲ. ಗಾಜು ಬಿಸಿಲನ್ನು ಕುಡಿದು, ತಾನೇ ಕಾದು, ಆ ಶಾಖವನ್ನು ಒಳಗೆ ಬಿಡುತ್ತಿತ್ತು. ಯಜಮಾನರು ಕೊನೆಯ ಬಿಲ್ಲಿನಲ್ಲಿ ಸುಮಾರು ನಲವತ್ತು ಸಾವಿರ ಹಿಡಿದುಕೊಂಡರು. ಕೇಳುವ ಮುಖ ನನಗೂ ಇರಲಿಲ್ಲ.

ಆಮೇಲೆ ಬಂದದ್ದು ಕುಂಬಳೆಯ ಈ ಕಟ್ಟಡ. ಮೊದಲ ಮಹಡಿ, 1800 ಚದರಡಿ, ಹಲ್ಲಿನ ಕ್ಲಿನಿಕ್ಕು ಮತ್ತು ಒಂದು ಆಫೀಸು. ಪಡುವಣಕ್ಕೆ ಸುಮಾರು 60 ಚದರ ಮೀಟರ್ ಗಾಜು. ಮಾಲೀಕರು ಗಲ್ಫ್‌ನಲ್ಲಿ ಇದ್ದು ಬಂದವರು. ನಾನು ತಿಳಿ ಗಾಜು ಹಾಕುವಾ ಎಂದದ್ದಕ್ಕೆ "ಮಾರಾಯ್ರೇ, ಅಲ್ಲಿ ಇಷ್ಟು ತಿಳಿ ಗಾಜು ಯಾರೂ ಹಾಕುವುದಿಲ್ಲ" ಎಂದರು. ಏಸಿಯವನು 16 ಟನ್ ಬೇಕು ಎಂದ. ಗಾಜಿನ ಡೀಲರ್ ಮಾತ್ರ "ಡಿಜಿಯು ಹಾಕಿ, ಯು ವ್ಯಾಲ್ಯೂ ಅರ್ಧ ಆಗ್ತದೆ" ಅಂತ ಒಂದೇ ಪಟ್ಟು.

ಡಿಜಿಯು ಅಂದರೆ ನಡುವೆ ಜಾಗ ಬಿಟ್ಟು ಸೀಲ್ ಮಾಡಿದ ಜೋಡಿ ಗಾಜು. ಡೀಲರ್ ಹೇಳಿದ್ದು ಸುಳ್ಳಲ್ಲ. ಆದರೆ ಯು ವ್ಯಾಲ್ಯೂ, ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರ್ ಗಾಜನ್ನು ದಾಟುವ ಶಾಖ, ಕೆಲಸ ಮಾಡುವುದು ಒಳಗೆ-ಹೊರಗಿನ ತಾಪದ ವ್ಯತ್ಯಾಸದ ಮೇಲೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 34, ಒಳಗೆ 25, ಹೆಚ್ಚೆಂದರೆ 9 ಡಿಗ್ರಿ. ಬಿಸಿಲಾದರೋ ಪಡುವಣ ಗೋಡೆಯ ಮೇಲೆ ಚದರ ಮೀಟರಿಗೆ 600 ವಾಟ್ ಆಸುಪಾಸು ಬೀಳುತ್ತದೆ. ಒಂದು ಕಾಗದದಲ್ಲಿ ಮೂರು ಗಾಜಿನ ಲೆಕ್ಕ ಹಾಕಿ ಮಾಲೀಕರ ಎದುರಿಗಿಟ್ಟೆ.

ಡೀಲರ್ ಹೇಳಿದ್ದು ಎರಡೂ ಕಡೆ ಸಾದಾ ಗಾಜಿನ ಡಿಜಿಯು. ಅದರ ಎಸ್‌ಎಚ್‌ಜಿಸಿ, ಅಂದರೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಗೆ ಬರುವ ಪಾಲು, 0.70; ಯು 2.7. ಬಿಸಿಲಿನಿಂದ 420, ತಾಪದ ವ್ಯತ್ಯಾಸದಿಂದ 24, ಒಟ್ಟು 444 ವಾಟ್. ನನ್ನ ಹಳೆಯ ಕಡು ಗಾಜು ಒಂಟಿ ಪದರದ್ದು, 0.45 ಮತ್ತು 5.6. ಅದು 270ಕ್ಕೆ 50 ಕೂಡಿ 320. ನೋಡಿ, ಯು ವ್ಯಾಲ್ಯೂ ಅರ್ಧಕ್ಕೆ ಇಳಿದರೂ ಆ ಡಿಜಿಯು ನಾನು ಬೈಸಿಕೊಂಡ ಗಾಜಿಗಿಂತ ಕಡೆ! ಮೂರನೆಯದು ನಾನು ಹೇಳಿದ ತಿಳಿ ಗಾಜು, ಬೆಳ್ಳಿ ಕೋಟಿಂಗ್ ಇರುವ ಡಿಜಿಯು: ಎಸ್‌ಎಚ್‌ಜಿಸಿ 0.28, ಯು 1.6, ವಿಎಲ್‌ಟಿ 48. ಅದರಲ್ಲಿ 168ಕ್ಕೆ 14 ಕೂಡಿ 182 ವಾಟ್. ಅರವತ್ತು ಚದರ ಮೀಟರಿಗೆ ಟನ್ ಲೆಕ್ಕದಲ್ಲಿ ಸುಮಾರು 7.6, 5.5 ಮತ್ತು 3.1.

ಅದಕ್ಕೇ ಈಗ ನಾನು ಮೊದಲು ಎಸ್‌ಎಚ್‌ಜಿಸಿ ನೋಡುತ್ತೇನೆ, ಆಮೇಲೆ ವಿಎಲ್‌ಟಿಯನ್ನು ಅದರಿಂದ ಭಾಗಿಸುತ್ತೇನೆ. ಇಲ್ಲಿ 0.48 ಭಾಗಿಸು 0.28, ಅಂದರೆ 1.7. ಕಡು ನೀಲಿಯಲ್ಲಿ ಇದು ಅರ್ಧವೂ ಬರುವುದಿಲ್ಲ. ಬಿಸಿಲಿನ ಶಾಖದಲ್ಲಿ ಹೆಚ್ಚುಕಮ್ಮಿ ಅರ್ಧ ಕಣ್ಣಿಗೆ ಕಾಣದ ಕಿರಣದ್ದು. ಅದನ್ನು ಹೊರಗೇ ನಿಲ್ಲಿಸಿ ಬೆಳಕನ್ನು ಒಳಗೆ ಬಿಡುವ ಗಾಜಿಗೆ ಈ ಸಂಖ್ಯೆ ಒಂದೂವರೆ ದಾಟಿರುತ್ತದೆ.

ಒಂದು ತಪ್ಪು ಇಲ್ಲೂ ಮಾಡಿದೆ. ಎರಡು ಕಡೆಯ ಕೊಟೇಶನ್ ಬಂದಿತ್ತು, ಒಂದರಲ್ಲಿ 0.30, ಇನ್ನೊಂದರಲ್ಲಿ 0.32. ಕಡಿಮೆ ಇದ್ದದ್ದನ್ನು ಆರಿಸಿಯೂ ಬಿಟ್ಟಿದ್ದೆ. ರಾತ್ರಿ ಮತ್ತೆ ನೋಡಿದರೆ 0.32 ಎನ್ನುವುದು ಶೇಡಿಂಗ್ ಕೋಎಫಿಶಿಯೆಂಟ್, ಅಂದರೆ ಸಾದಾ ಗಾಜಿಗೆ ಹೋಲಿಸಿ ಹೇಳುವ ಲೆಕ್ಕ. ಅದನ್ನು 0.87ರಿಂದ ಗುಣಿಸಿದರೆ ಎಸ್‌ಎಚ್‌ಜಿಸಿ 0.28. ಬೆಳಗ್ಗೆ ಎದ್ದ ಕೂಡಲೇ ಫೋನ್ ಮಾಡಿ ಆರ್ಡರ್ ಬದಲಿಸಿದೆ.

ಕಾಗದದ ಲೆಕ್ಕ ಮಾಲೀಕರಿಗೆ ಸಾಲಲಿಲ್ಲ. ಒಂದಡಿ ಸ್ಯಾಂಪಲ್‌ಗಳನ್ನು ತರಿಸಿ, ಮೀನು ತರುವ ಥರ್ಮೋಕೋಲ್ ಪೆಟ್ಟಿಗೆಗಳ ಬಾಯಿಗೆ ಟೇಪ್ ಹಾಕಿ ಅಂಟಿಸಿ, ಒಳಗೆ ಥರ್ಮಾಮೀಟರ್ ಇಟ್ಟು ಟೆರೇಸಿನಲ್ಲಿ ಪಡುವಣಕ್ಕೆ ತಿರುಗಿಸಿಟ್ಟೆ. ಒಂದು ಗಂಟೆಯಲ್ಲಿ ಸಾದಾ ಗಾಜಿನ ಪೆಟ್ಟಿಗೆ 58 ದಾಟಿತು, ಕಡು ನೀಲಿಯದ್ದು 50ರ ಹತ್ತಿರ, ತಿಳಿ ಗಾಜಿನದ್ದು 42-43. ಸುಮ್ನೆ ನೋಡುವಾ ಅಂತ ನಾಲ್ಕನೆಯ ಪೆಟ್ಟಿಗೆಗೆ ಸಾದಾ ಗಾಜನ್ನೇ ಇಟ್ಟು ಹೊರಗಿನಿಂದ ಹೆಣೆದ ತೆಂಗಿನ ಮಡಲು ಅಡ್ಡ ಕಟ್ಟಿದೆ. ಅದು 40 ಕೂಡ ಮುಟ್ಟಲಿಲ್ಲ. ಅದೇ ಮಡಲನ್ನು ಗಾಜಿನ ಒಳಗೆ ಇಟ್ಟಾಗ 50 ದಾಟಿತು. ನೆರಳು ಹೊರಗಿದ್ದರೆ ಮಾತ್ರ ನೆರಳು. ಹೆದ್ದಾರಿಯ ಅಂಗಡಿಗೆ ಮಡಲು ಕಟ್ಟಲು ಯಾರೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಆಗ ಕಡು ಗಾಜು ಚದರಡಿಗೆ 150 ರೂಪಾಯಿ ಇತ್ತು, ಇದು 370. ಸುಮಾರು 650 ಚದರಡಿಗೆ ಒಂದು ಲಕ್ಷ ನಲವತ್ತು ಸಾವಿರ ಜಾಸ್ತಿ. ಗಾಜಿನಿಂದಲೇ ಉಳಿದ ಏಸಿ ಎರಡೂವರೆ ಟನ್ ಹತ್ತಿರ, ಟನ್ನಿಗೆ ಐವತ್ತು ಸಾವಿರ ಅಂದರೂ ಒಂದು ಲಕ್ಷ ಇಪ್ಪತ್ತು ಸಾವಿರ. ಅಂದರೆ ಕರೆಂಟ್ ಬಿಲ್ ಶುರುವಾಗುವ ಮೊದಲೇ ಬಹುಪಾಲು ವಾಪಸ್. ಕೊನೆಗೆ 16ರ ಬದಲು 10 ಟನ್ ಹಾಕಿಸಿದೆವು. ಉಳಿದ ಇಳಿಕೆ ಏಸಿಯವನ ಕೈಲೆಕ್ಕದ ಕೊಬ್ಬು. ಯಾವ ಕೋಟಿಂಗ್ ನಂಬರ್ ಎನ್ನುವುದನ್ನು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಕೂರಿಸುವಾಗ ಆದ ಎಡವಟ್ಟು ಎಲ್ಲರಿಗೂ ಗೊತ್ತಿರಬೇಕು. ಕೋಟಿಂಗ್ ಹೊರಗಿನ ಗಾಜಿನ ಒಳಮೈಯಲ್ಲಿರಬೇಕು, ಅಂದರೆ ಹೊರಗಿನಿಂದ ಎಣಿಸಿದರೆ ಎರಡನೆಯ ಮೈ. ಯಾವ ಬದಿ ಹೊರಗೆ ಎಂದು ತೋರಿಸುವ ಸ್ಟಿಕ್ಕರ್ ಮಳೆಯಲ್ಲಿ ನೆನೆದಿತ್ತೆಂದು ಹುಡುಗರು ಕಿತ್ತು ಬಿಸಾಕಿದ್ದರು. ನಾನು ಸಂಜೆ ಮಬ್ಬಿನಲ್ಲಿ ಹೋಗಿ ಒಂದೊಂದು ಗಾಜಿನ ಎದುರಿಗೂ ಲೈಟರ್ ಹಚ್ಚಿದೆ. ಓರೆಯಾಗಿ ನೋಡಿದರೆ ನಾಲ್ಕು ಜ್ವಾಲೆ ಕಾಣುತ್ತವೆ, ನಾಲ್ಕು ಮೈಗೆ ನಾಲ್ಕು. ಅದರಲ್ಲಿ ಒಂದರ ಬಣ್ಣ ಬೇರೆ, ಅದೇ ಕೋಟಿಂಗ್. ಹೊರಗೆ ನಿಂತಾಗ ಎರಡನೆಯದು ಬಣ್ಣ ಬದಲಿಸಿರಬೇಕು. ಇಪ್ಪತ್ತೆರಡರಲ್ಲಿ ಮೂರು ಗಾಜಿನಲ್ಲಿ ಮೂರನೆಯದು ಬಣ್ಣ ಬದಲಿಸಿತ್ತು. ಹಾಗೇ ಬಿಟ್ಟಿದ್ದರೆ ಒಳಗಿನ ಗಾಜು ಕಾದು ಅರ್ಧ ಲಾಭ ಹೋಗುತ್ತಿತ್ತು. ಪುಣ್ಯಕ್ಕೆ ಎರಡೂ ಪದರ 6 ಮಿ.ಮೀ. ಟಫನ್ಡ್, ತಿರುಗಿಸಿ ಕೂರಿಸಿದರೆ ಸಾಕಾಯಿತು.

ಯು ವ್ಯಾಲ್ಯೂವಿನ ಉಪಯೋಗ ನನಗೆ ಗೊತ್ತಾದದ್ದು ಮಳೆಗಾಲದ ಆಟಿ ತಿಂಗಳಲ್ಲಿ. ಪಕ್ಕದ ಕಟ್ಟಡದ ಒಂಟಿ ಗಾಜು ಏಸಿ ಹಾಕಿದರೆ ಹೊರಗಿನಿಂದ ಮಂಜು ಹಿಡಿದು ನೀರು ಇಳಿಯುತ್ತಿತ್ತು. ನಮ್ಮದು ಒಣಗಿತ್ತು.

ಮೊದಲ ಏಪ್ರಿಲ್‌ನಲ್ಲಿ ನಾಲ್ಕು ಗಂಟೆಗೆ ನಾನೇ ಹೋಗಿ ನೋಡಿದೆ. ಒಳಗೆ 25, ಗಾಜಿನಿಂದ ಹತ್ತಡಿ ಒಳಗೆ ಲೈಟ್ ಆರಿಸಿ 300 ಲಕ್ಸ್ ಚಿಲ್ಲರೆ. ಐದು ಗಂಟೆಯ ಮೇಲೆ ಸೂರ್ಯ ಕೆಳಗಿಳಿದು ಕಣ್ಣಿಗೇ ಹೊಡೆಯುತ್ತಾನೆ, ಅದಕ್ಕೆ ಯಾವ ಸಂಖ್ಯೆಯೂ ಉತ್ತರವಲ್ಲ. ರಿಸೆಪ್ಶನ್ ಮೇಜನ್ನು ಬಡಗು ಗೋಡೆಗೆ ತಿರುಗಿಸಿ ಒಂದು ಬ್ಲೈಂಡ್ ಹಾಕಿಸಿದೆವು. ಮಾಲೀಕರು ಈಗ ಅದೇ ಗಾಜನ್ನು ಮನೆಗೂ ಕೇಳಿದ್ದಾರೆ, ಅಲ್ಲಿ ಗಾಜು ಇರುವುದು ಮೂಡಣಕ್ಕೆ.